ಬಿಳಿಚಿದ ಔಷಧಿ ಬಿಲ್ಲು: 73.50 ಅದನೋ 78.50 ಅದನೋ, ಹ್ಯಾಂಗ ಗೊತ್ತು ಮಾಡೋದು?

ಗಂಜಿನ ಅಕ್ಕ, ಕಲಬುರಗಿ

ಎಲ್ಲಾರಿಗೂ ನಮಸ್ಕಾರ. ಅಪ್ಪಾಜಿ ಔಷಧಿ ಖರ್ಚು ನಾವು ಮೂರು ಮಂದಿ ಮಕ್ಕಳು ಸಮ ಹಂಚ್ಕೋಬೇಕಂತ ಮಾತಾಗಿತ್ತು. ಬಿಲ್ಲು ಜೋಪಾನ ಮಾಡೋ ಕೆಲಸ ಅಣ್ಣಂದು. ಆತ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಾಗ ಹಾಕಿ ಸ್ಕೂಟರ್ ಡಿಕ್ಕಿಯೊಳಗ ಇಟ್ಟಿದ್ದ. ಎರಡು ಬ್ಯಾಸಗಿ ಹೋದ ಮ್ಯಾಲ ತೆಗೆದು ನೋಡಿದ್ರ ಅರ್ಧಕ್ಕರ್ಧ ಬಿಲ್ಲು ಬಿಳಿ ಆಗ್ಯಾವ. ಒಟ್ಟು 37 ಬಿಲ್ಲು. ಈಗ ನಾನು ಒಂದೊಂದೇ ನೋಡಿ ಪುಸ್ತಕಕ್ಕ ಇಳಿಸಾಕತ್ತೀನಿ: ಔಷಧಿ ಹೆಸರು, ಎಷ್ಟು ಪಟ್ಟಿ, ದರ, ಮೊತ್ತ, ತಾರೀಖು.

ಒಂದು ಬಿಲ್ಲಿನಾಗ ಸಿಕ್ಕಿಬಿದ್ದೀನಿ. ಆಗಸ್ಟ್ 2024ರದು. ನಾಲ್ಕು ಸಾಲು ಅವ. ಮೆಟ್ಫಾರ್ಮಿನ್ 4 ಪಟ್ಟಿ, ದರ 22.50. ಟೆಲ್ಮಿಸಾರ್ಟನ್ 2 ಪಟ್ಟಿ, ದರ 73.50 ಇಲ್ಲಾ 78.50. ಅಟೋರ್ವಾಸ್ಟಾಟಿನ್ 3 ಪಟ್ಟಿ, 41.20. ಪ್ಯಾಂಟೊಪ್ರಜೋಲ್ 2 ಪಟ್ಟಿ, 64.00. ಮೊತ್ತದ ಕಾಲಮ್ಮಿನಾಗ ಮ್ಯಾಲಿಂದ ಕೆಳತನಕ ಮಡಚಿದ ಗೆರೆ ಬಂದದ, ಹತ್ತರ ಸ್ಥಾನದ ಅಂಕಿ ಎಲ್ಲಾ ಸಾಲಿನಾಗೂ ಹೋಗ್ಯದ. ಎರಡನೇ ಸಾಲಿನ ಮೊತ್ತ 1?7.00, ಕೊನೀಗಿ ಒಟ್ಟು 4?9.00. ತಾರೀಖು 1?/08/24.

ತಮ್ಮ ಪುಣೆದಾಗ ಇರ್ತಾನ, ಪ್ರತಿ ಸಾಲೂ ಕೇಳ್ತಾನ. ಅಂದಾಜು ಹೊಡದು ಬರಿಯೋದು ನನಗ ಬ್ಯಾಡ. ಏನು ಮಾಡ್ಲಿ?

ಶಹಾಪುರದ ತಮ್ಮ

ಅಕ್ಕಾ, ಸರಳ ಅದ. ಬಿಲ್ಲಿನ ಹಿಂದ ಸಣ್ಣಗ ಇಸ್ತ್ರಿ ಪೆಟ್ಟಿಗಿ ಆಡಸ್ರಿ. ಅದು ಶಾಖಕ್ಕ ಕರ್ರಗಾಗೋ ಕಾಗದ, ಶಾಖ ಕೊಟ್ರ ಅಕ್ಷರ ತಿರುಗಿ ಬರ್ತಾವ. ನಾ ಒಂದು ಬಸ್ ಟಿಕೆಟಿಗಿ ಮಾಡೀನಿ.

ಬಿಲ್ಲಿಂಗ್ ಮಷಿನ್ ರಿಪೇರಿ, ಬೀದರ

ಬ್ಯಾಡ್ರಿ ಅಕ್ಕಾರ, ಇಸ್ತ್ರಿ ಮುಟ್ಟಸಬ್ಯಾಡ್ರಿ!

ತಮ್ಮ ಹೇಳಿದ್ದರಾಗ ಅರ್ಧ ಖರೆ ಅದ. ಈ ಕಾಗದಕ್ಕ ಶಾಯಿ ಇರಂಗಿಲ್ಲ. ಬಣ್ಣ ಆಗೋ ರಾಸಾಯನ ಇಡೀ ಕಾಗದದ ಮ್ಯಾಲ ಮೊದಲೇ ಸವರಿರ್ತಾರ, ಪ್ರಿಂಟರ್ ಹೆಡ್ ಎಲ್ಲಿ ಬಿಸಿ ಮಾಡ್ತದೋ ಅಲ್ಲಿ ಕರ್ರಗಾಗ್ತದ. ಇಸ್ತ್ರಿ ಹೊಡದ್ರ ಅಕ್ಷರ ಅಷ್ಟೇ ಕಪ್ಪಾಗಂಗಿಲ್ಲ, ಇಡೀ ಕಾಗದ ಕಪ್ಪಾಗ್ತದ. ಕೆಲವೊಮ್ಮೆ ಹಳೇ ಅಕ್ಷರ ಇದ್ದ ಜಾಗ ಸುತ್ತಲಿನಕಿಂತ ತೆಳ್ಳಗ ಉಳಿದು, ಕರಿ ಹಲಗಿ ಮ್ಯಾಲ ಬಳಪದಾಗ ಬರದಂಗ ಕಾಣ್ತದ. ಆ ಬಸ್ ಟಿಕೆಟಿನಾಗ ಕಂಡಿದ್ದು ಅದೇ ಇರಬೇಕು. ಆದ್ರ ಜರಾ ಹೆಚ್ಚಾತಂದ್ರ ಎಲ್ಲಾ ಒಂದೇ ಕರಿ ಆಗಿ ಮುಗೀತು, ಹಿಂದಕ್ಕ ಬರಂಗಿಲ್ಲ. 60-70 ಡಿಗ್ರಿ ದಾಟಿದ್ರ ಸಾಕು, ಕಾಗದ ಬಣ್ಣ ತಿರಗಾಕ ಶುರು ಆಗ್ತದ. ಇಸ್ತ್ರಿ ಪೆಟ್ಟಿಗಿ ಅದಕ್ಕಿಂತ ಭಾಳ ಹೆಚ್ಚು ಬಿಸಿ.

ಮೊದಲು ಸ್ಕ್ಯಾನ್ ಮಾಡ್ರಿ. ಕಲರ್‌ನಾಗೇ ಮಾಡ್ಬೇಕು, ಕಪ್ಪು-ಬಿಳುಪಿನಾಗ ಅಲ್ಲ, 600 ಡಿಪಿಐ ಇಡ್ರಿ. ಬಿಳಿಚಿದ ಅಕ್ಷರ ಪೂರಾ ಹೋಗಿರಂಗಿಲ್ಲ, ಕಂದು-ಹಳದಿ ನೆರಳು ಉಳಿದಿರ್ತದ. ಹಳದಿ ಅನ್ನೋದು ನೀಲಿ ಬೆಳಕು ನುಂಗ್ತದ, ಅದಕ್ಕ ಚಿತ್ರದ ನೀಲಿ ಭಾಗ ಅಷ್ಟೇ ಬ್ಯಾರೆ ತೆಗೆದು ನೋಡಿದ್ರ ಅಕ್ಷರ ಎದ್ದು ಬರ್ತಾವ. ಕಂಪ್ಯೂಟರಿನಾಗ ಇಮೇಜ್‌ಮ್ಯಾಜಿಕ್ ಇದ್ರ ಇಷ್ಟೇ:

```
magick bill.png -channel B -separate +channel -contrast-stretch 1%x1% blue.png
```

ಕಾಗದವೇ ಹಳದಿ ಆಗಿದ್ರ ನೀಲಿಯೊಳಗ ಎಲ್ಲಾ ಮಂಕಾಗ್ತದ. ಆವಾಗ `B` ಬದಲು `R` ಇಲ್ಲಾ `G` ಹಾಕಿ ನೋಡ್ರಿ.

ಗಂಜಿನ ಅಕ್ಕ, ಕಲಬುರಗಿ

ಅಣ್ಣಾರ, ನನ್ನ ಹತ್ರ ಫೋನಷ್ಟೇ ಅದ. ನಾಳೆ ಝೆರಾಕ್ಸ್ ಅಂಗಡಿಯಾಗ ಸ್ಕ್ಯಾನ್ ಮಾಡಸ್ತೀನಿ. ಇಸ್ತ್ರಿ ಮಾಡಂಗಿಲ್ಲ.

ಹಳ್ಳಿಖೇಡ ಕಿರಾಣಿ

ನಮ್ಮ ಅಂಗಡಿಯಾಗೂ ಇದೇ ತಾಪತ್ರಯ. ಬಿಲ್ಲು ಅಳಿಸಬಾರ್ದಂದ್ರ ಯಾವ ಪ್ರಿಂಟರ್ ತಗೋಬೇಕು? ರೋಲು ಯಾವುದು ಛಲೋ?

ಬಿಲ್ಲಿಂಗ್ ಮಷಿನ್ ರಿಪೇರಿ, ಬೀದರ

ಕಿರಾಣಿ ಅಣ್ಣಾರ, ಅಕ್ಕಾರು ಕೇಳಿದ್ದು ಹಳೇ ಬಿಲ್ಲು ಓದೋದು, ಹೊಸಾದು ಹೊಡಿಯೋದಲ್ಲ. ಆದ್ರೂ ಹೇಳ್ತೀನಿ: ಶಾಖದಿಂದ ಹೊಡಿಯೋ ಇನ್ನೊಂದು ಪ್ರಿಂಟರ್ ತಂದ್ರ ಉಪಯೋಗಿಲ್ಲ, ಅಳಿಸೋದು ಕಾಗದ. ಗಿರಾಕಿಗಿ ಹೇಳ್ರಿ, ಬಿಲ್ಲು ಮೆತ್ತನ ಪ್ಲಾಸ್ಟಿಕ್ ಕವರಿನಾಗ ಇಡಬ್ಯಾಡ್ರಿ, ಅಂಟು ಟೇಪು ಹಚ್ಚಬ್ಯಾಡ್ರಿ, ಎಣ್ಣಿ ಕೈ, ಸ್ಯಾನಿಟೈಸರ್ ಕೈ ತಾಗಸಬ್ಯಾಡ್ರಿ ಅಂತ. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಹಾಕೋ ಎಣ್ಣಿಯಂಥಾದ್ದು ಕಾಗದಕ್ಕ ಇಳಿದು ಬಣ್ಣ ತಿಂತದ. ಅಕ್ಕಾರ ಅಣ್ಣ ಡಿಕ್ಕಿಯಾಗ ಇಟ್ಟಿದ್ದು ಒಂದು ಪೆಟ್ಟು, ಕವರಿನಾಗ ಇಟ್ಟಿದ್ದು ಎರಡನೇ ಪೆಟ್ಟು.

ಚಿತ್ತಾಪುರದ ತೊಗರಿ ಹೊಲ

ನಮ್ಮ ಕಡಿ ಮೇ ತಿಂಗಳದಾಗ ಡಿಕ್ಕಿಯೊಳಗ ರೊಟ್ಟಿ ಇಟ್ರೂ ಕಡಕ್ ಆಗ್ತಾವ, ಕಾಗದದ್ದೇನು ಕಥಿ. ನಂದೂ ಒಂದು ಕಾಂಟಾ ಚೀಟಿ ಅದ, ಆಮ್ಯಾಲ ಹೇಳ್ತೀನಿ.

ಗಂಜಿನ ಅಕ್ಕ, ಕಲಬುರಗಿ

ಸ್ಕ್ಯಾನ್ ಮಾಡ್ಸೀನಿ, ಝೆರಾಕ್ಸ್ ಅಂಗಡಿ ಹುಡುಗನೇ ನೀಲಿ ಭಾಗ ತೆಗೆದುಕೊಟ್ಟ. ಭಾಳ ಫರಕ್ ಬಂತು! ಬಿಲ್ ನಂಬರ್ ಸ್ವಚ್ಛ ಕಾಣ್ತದ: 7901. ಆ ದರದ ಅಂಕಿ ಈಗ 3 ಇದ್ದಂಗ ಕಾಣ್ತದ. 73.50 ಅಂತ ಬರೆದುಬಿಡ್ಲೇನು?

ಬಿಲ್ಲಿಂಗ್ ಮಷಿನ್ ರಿಪೇರಿ, ಬೀದರ

ಜರಾ ತಡೀರಿ. ನೀವು ಹಾಕಿದ ಚಿತ್ರ ದೊಡ್ಡದು ಮಾಡಿ ನೋಡಿದೆ. ದರದ ಕಾಲಮ್ಮಿನಾಗ ಬಿಲ್ಲಿನ ಮ್ಯಾಲಿಂದ ಕೆಳಗಿನ ತನಕ ಕೂದಲಿನಂಥ ಒಂದು ಬಿಳಿ ಗೆರೆ ಅದ, ಕಂಡ್ರೇನು? ಅದು ಅಳಿಸಿದ್ದಲ್ಲ, ಮಡಚಿದ್ದೂ ಅಲ್ಲ. ಪ್ರಿಂಟರ್ ಹೆಡ್ಡಿನಾಗ ಸಾಲಾಗಿ ಸಣ್ಣ ಸಣ್ಣ ಬಿಸಿ ಚುಕ್ಕಿ ಇರ್ತಾವ, ಒಂದು ಮಿಲಿಮೀಟರಿಗಿ 8. ಅದರಾಗ ಒಂದೆರಡು ಸತ್ತುಹೋದ್ರ ಆ ಜಾಗದಾಗ ಯಾವ ಸಾಲಿನಾಗೂ ಕಪ್ಪು ಬೀಳಂಗಿಲ್ಲ, ಉದ್ದಕ್ಕ ಬಿಳಿ ಗೆರೆ ಬರ್ತದ. ಈ ಗೆರೆ ಸರಿಯಾಗಿ ಆ ಅಂಕಿಯ ಎಡಗಡಿ ಅಂಚಿನ ಮ್ಯಾಲ ಹಾದುಹೋಗ್ಯದ. 8ರ ಎಡಗಡಿ ಕಡದ್ರ ಏನಾಗ್ತದ? 3 ಆಗ್ತದ.

ಅದೇ ಗೆರೆ ಕೆಳಗಿನ 64.00ದ 4ರ ಮ್ಯಾಲೂ ಹೋಗ್ಯದ, ಆ 4ರ ಎಡಗಡಿ ತುದಿ ಮೊಂಡ ಆಗ್ಯದ ನೋಡ್ರಿ. ಅಂದಮ್ಯಾಲ ಈ ಜಾಗದಾಗ ಆಕಾರ ನೋಡಿ 3 ಅಂತ ಹೇಳಾಕ ಬರಂಗಿಲ್ಲ. ಬ್ಯಾರೆ ಕಡಿ ಆದ್ರ ಒಂದು ಉಪಾಯ ಇತ್ತು: ಅದೇ ಬಿಲ್ಲಿನಾಗ ಸ್ವಚ್ಛ ಇರೋ ಇನ್ನೊಂದು 3, ಇನ್ನೊಂದು 8 ಹುಡುಕಿ ಪಕ್ಕಕ್ಕ ಇಟ್ಟು ಹೋಲಿಸೋದು. ಒಂದೇ ಪ್ರಿಂಟರಿನ ಒಂದೇ ಅಂಕಿ ಪ್ರತಿ ಸಲ ಚುಕ್ಕಿಗಿ ಚುಕ್ಕಿ ಒಂದೇ ಥರ ಬೀಳ್ತದ. ಇಲ್ಲಿ ಚುಕ್ಕಿನೇ ಸತ್ತಾವ, ಹೋಲಿಸಿ ಫಾಯದಾ ಇಲ್ಲ. ಲೆಕ್ಕದಿಂದನೇ ಬರ್ಬೇಕು.

ಶಹಾಪುರದ ತಮ್ಮ

ಯಪ್ಪಾ, ನಾನಾಗಿದ್ರ ನೋಡಿದ ಕೂಡ್ಲೇ 3 ಅಂತ ಬರೀತಿದ್ದೆ.

ಹುಮನಾಬಾದ ಲೆಕ್ಕ

ಲೆಕ್ಕ ನಾನು ಮಾಡ್ತೀನಿ, ದಿನಾ ಇದೇ ಉದ್ಯೋಗ.

ಮೊದಲು ಪ್ರತಿ ಸಾಲು ಗುಣಿಸಿ ನೋಡೋಣ. ಮೆಟ್ಫಾರ್ಮಿನ್ 4 × 22.50 = 90.00. ಅಟೋರ್ವಾಸ್ಟಾಟಿನ್ 3 × 41.20 = 123.60. ಪ್ಯಾಂಟೊಪ್ರಜೋಲ್ 2 × 64.00 = 128.00. ಮಡಚಿದ ಗೆರೆಯಾಗ ಹೋದ ಅಂಕಿ ಈ ಮೂರೂ ಸಾಲಿನಾಗ ತಾವೇ ತುಂಬಿದವು.

ಉಳಿದದ್ದು ಟೆಲ್ಮಿಸಾರ್ಟನ್. 73.50 ಆದ್ರ ಮೊತ್ತ 147.00, 78.50 ಆದ್ರ 157.00. ಎರಡೂ 1?7.00ಕ್ಕ ಕೂಡ್ತಾವ, ಅಂದ್ರ ಗುಣಾಕಾರದಿಂದ ಬಗೀಹರಿಯಂಗಿಲ್ಲ. ಒಟ್ಟು ಕೂಡಿಸಿದ್ರ ಒಂದು 488.60, ಇನ್ನೊಂದು 498.60. ಪೈಸೆ ರೌಂಡ್ ಮಾಡಿದ್ರ 489 ಇಲ್ಲಾ 499. ಬಿಲ್ಲಿನಾಗ 4?9.00. ಅದೂ ಎರಡಕ್ಕೂ ಕೂಡ್ತದ! ಮಡಚಿದ ಗೆರೆ ಬೀಳಬಾರ್ದ ಜಾಗದಾಗೇ ಬಿದ್ದದ.

ಅಕ್ಕಾರ, ಬಿಲ್ಲಿನ ಕೆಳಗ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಸಾಲು ಇರ್ಬೇಕು. ಅಲ್ಲೇನು ಕಾಣ್ತದ? ಒಂದಂಕಿ ಕಂಡ್ರೂ ಹೇಳ್ರಿ.

ಗಂಜಿನ ಅಕ್ಕ, ಕಲಬುರಗಿ

ಸಿಜಿಎಸ್‌ಟಿ 26.1 ಕಾಣ್ತದ, ಆಮ್ಯಾಲಿನದು ಪೂರಾ ಹೋಗ್ಯದ.

ಹುಮನಾಬಾದ ಲೆಕ್ಕ

ಹಂಗಾದ್ರ ಬಂತು ನೋಡ್ರಿ. ಔಷಧಿ ದರದಾಗ ತೆರಿಗಿ ಸೇರೇ ಇರ್ತದ. 12 ಪರ್ಸೆಂಟ್ ಇದ್ದಾಗ 488.60ನ್ನ 1.12ರಿಂದ ಭಾಗಿಸಿದ್ರ 436.25. ತೆರಿಗಿ 52.35, ಅದರ ಅರ್ಧ 26.18. ಇನ್ನೊಂದು ಲೆಕ್ಕ 498.60 ಹಿಡದ್ರ ಅರ್ಧ ತೆರಿಗಿ 26.71 ಬರ್ತದ. ನಿಮಗ ಕಂಡಿದ್ದು 26.1, ಅಂದ್ರ 488.60. ಅಂದ್ರ 147. ಅಂದ್ರ 73.50.

ಸೇಡಂ ರಸ್ತಾ

ತಪ್ಪು ಹೇಳಾಕತ್ತೀರಿ ಸರ್. ಔಷಧಿ ಮ್ಯಾಲ ಜಿಎಸ್‌ಟಿ 5 ಪರ್ಸೆಂಟ್. ನಾನು ನಿನ್ನೆನೇ ಗುಳಿಗಿ ತಂದೀನಿ, ಬಿಲ್ಲಿನಾಗ 2.5 + 2.5 ಅಂತ ಸ್ವಚ್ಛ ಅದ.

ಹುಮನಾಬಾದ ಲೆಕ್ಕ

ನಿಮ್ಮ ಬಿಲ್ಲೂ ಖರೆ, ನನ್ನ ಲೆಕ್ಕನೂ ಖರೆ. ಔಷಧಿಗಿ 5 ಆಗಿದ್ದು 2025ರ ಸೆಪ್ಟೆಂಬರ್ 22ರಿಂದ. ಅಕ್ಕಾರ ಬಿಲ್ಲು 2024ರದು, ಆವಾಗ ಈ ನಾಲ್ಕೂ ಗುಳಿಗಿಗಿ 12 ಇತ್ತು. 5 ಹಿಡಿದು ಲೆಕ್ಕ ಮಾಡಿದ್ರ ಅರ್ಧ ತೆರಿಗಿ 12ರ ಒಳಗ ಬರ್ತದ, 26ರ ಹತ್ರಾನೂ ಸುಳಿಯಂಗಿಲ್ಲ. ಬಿಲ್ಲಿನ ವರ್ಷನೇ ಅಳಿಸಿದ್ದವ್ರಿಗಿ ಇದು ಉಪಯೋಗಕ್ಕ ಬರ್ತದ: ಇಂಥಾ ಗುಳಿಗಿ ಬಿಲ್ಲಾದ್ರ ತೆರಿಗಿ ನೋಡಿ ಬಿಲ್ಲು ಆ ತಾರೀಖಿನ ಮುಂಚಿನದೋ ಆಮ್ಯಾಲಿಂದೋ ಹೇಳಬಹುದು.

ಸೇಡಂ ರಸ್ತಾ

ಆಯ್ತು, ಒಪ್ಪಿದೆ. ಆದ್ರ ಇನ್ನೊಂದು ಮಾತು. 26.1 ಅಂತೀರಿ, ಅದು 26.7 ಯಾಕಿರಬಾರ್ದು? 7ರ ತಲಿ ಗೆರೆ ಅಳಿಸಿದ್ರ 1 ಇದ್ದಂಗೇ ಕಾಣ್ತದ. ನಿಮ್ಮ ಎರಡನೇ ಲೆಕ್ಕ 26.71 ಅದ. ಇಡೀ ತೀರ್ಮಾನ ಒಂದು ಮಂಕಾದ 1ರ ಮ್ಯಾಲ ನಿಂತದ.

ಬಿಲ್ಲಿಂಗ್ ಮಷಿನ್ ರಿಪೇರಿ, ಬೀದರ

ಇದು ಬರೋಬ್ಬರಿ ಪ್ರಶ್ನೆ. ಅಕ್ಕಾರ, ಕೆಳಗಿನ ಎಸ್‌ಜಿಎಸ್‌ಟಿ ಸಾಲಿನಾಗ ಅದೇ ರಕಮು ಮತ್ತೊಮ್ಮೆ ಬಿದ್ದಿರ್ತದ. ಅಲ್ಲಿ ಕೊನೀ ಅಂಕಿ ಏನದ?

ಗಂಜಿನ ಅಕ್ಕ, ಕಲಬುರಗಿ

ಅಲ್ಲಿ ನಡುವಿನದು ಹೋಗ್ಯದ. ಆದ್ರ ಕೊನೀದು ಸ್ವಚ್ಛ 8. ಎರಡು ಹೊಟ್ಟಿ ಎದ್ದು ಕಾಣ್ತಾವ. 26.?8.

ಸೇಡಂ ರಸ್ತಾ

26.71ರ ಕೊನೀಗಿ 1 ಇರ್ತದ, 8 ಅಲ್ಲ. ಹಂಗಾದ್ರ 26.18 ಖಾತ್ರಿ. ಈಗ ಸಮಾಧಾನ ಆಯ್ತು.

ಯಾದಗಿರಿ ಮೆಡಿಕಲ್

ನಾನು ಔಷಧಿ ಅಂಗಡಿಯವ. ಒಂದು ಎಚ್ಚರಿಕಿ ಹೇಳ್ಬೇಕು. ಈ ಲೆಕ್ಕ ಕೂಡಿದ್ದು ಆ ಅಂಗಡಿಯವ್ರು ರಿಯಾಯಿತಿ ಕೊಟ್ಟಿಲ್ಲ ಅಂತ. ಭಾಳ ಅಂಗಡಿಯಾಗ ಒಟ್ಟಿನ ಮ್ಯಾಲ 10 ಪರ್ಸೆಂಟ್ ಬಿಡ್ತೀವಿ. ಆ ಸಾಲು ಅಳಿಸಿತಂದ್ರ ಸಾಲುಗಳ ಮೊತ್ತಕ್ಕೂ ಕೊನೀ ಒಟ್ಟಿಗೂ ತಾಳಿ ಆಗಂಗಿಲ್ಲ, ನೀವು ಇಲ್ಲದ ತಪ್ಪು ಹುಡುಕ್ಕೊಂತ ಕೂಡ್ತೀರಿ. ಮತ್ತ ಬಿಡಿ ಗುಳಿಗಿ ಕೊಟ್ಟಿದ್ರ ಕೆಲವು ಸಾಫ್ಟ್‌ವೇರಿನಾಗ ಸಂಖ್ಯಾ ಅನ್ನೋದು ಪಟ್ಟಿ ಅಲ್ಲ, ಗುಳಿಗಿ ಲೆಕ್ಕ. 10 ಅಂದ್ರ ಹತ್ತು ಪಟ್ಟಿ ಅಲ್ಲ, ಹತ್ತು ಗುಳಿಗಿ. ಉಳಿದ ಬಿಲ್ಲು ಇಳಿಸೋವಾಗ ಇದು ನೆನಪಿಡ್ರಿ.

ಇನ್ನೊಂದು, ಇದು ಯಾಕ ಯಾರೂ ಹೇಳಿಲ್ಲ? ಬಿಲ್ ನಂಬರ್ ಸಿಕ್ಕದ ಅಂದ್ರಿ. ಆ ಅಂಗಡಿಗಿ ಹೋಗಿ ನಂಬರ್ ಹೇಳ್ರಿ, ನಕಲು ತೆಗೆದುಕೊಡ್ತಾರ. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕ ಇಡಬೇಕಾದ್ದು ವಾರ್ಷಿಕ ರಿಟರ್ನ್ ಕೊನೀ ದಿನದಿಂದ 72 ತಿಂಗಳು. 2024ರ ಬಿಲ್ಲು ಇರ್ಲೇಬೇಕು. ಆದ್ರ ವರ್ಷ ಸಮೇತ ಹೇಳ್ರಿ, ಭಾಳ ಅಂಗಡಿಯಾಗ ಏಪ್ರಿಲ್‌ದಾಗ ನಂಬರ್ ತಿರುಗಿ 1ರಿಂದ ಶುರು ಆಗ್ತದ.

ಗಂಜಿನ ಅಕ್ಕ, ಕಲಬುರಗಿ

ಈ ಅಂಗಡಿ ಅದ ರೀ, ಹೋಗ್ತೀನಿ. ಆದ್ರ 11 ಬಿಲ್ಲು ಇನ್ನೊಂದು ಅಂಗಡಿಯವು, ಅದು ಮುಚ್ಚಿ ವರ್ಷ ಆಯ್ತು. ಅವನ್ನ ನಾನೇ ಓದ್ಬೇಕು. ಅದಕ್ಕ ಇದು ಸರಿಯಾಗಿ ಕಲೀಬೇಕಂತ ಕುಂತೀನಿ.

ತಾರೀಖಿನ ಬಗ್ಗೆ ಹೇಳ್ರಿ. 1ರ ಮುಂದಿನ ಅಂಕಿಯಾಗ ಬಲಗಡಿ ಒಂದು ಗೀಟು ಅಷ್ಟೇ ಉಳಿದದ. ಅದೇ ಅಂಗಡಿಯ ಬ್ಯಾರೆ ಎರಡು ಬಿಲ್ಲು ಚಂದ ಅವ: 7812 ನಂಬರಿಂದು 12/08, 8043 ನಂಬರಿಂದು 16/08.

ಹುಮನಾಬಾದ ಲೆಕ್ಕ

ನಾಲ್ಕು ದಿನಕ್ಕ 231 ಬಿಲ್ಲು, ಅಂದ್ರ ದಿನಕ್ಕ ಸುಮಾರು 58. ನಿಮ್ಮದು 7812ರಿಂದ 89 ಮುಂದ ಅದ, ಒಂದೂವರೆ ದಿನದ ಮಾತು. 13 ಇಲ್ಲಾ 14. ಬಲಗಡಿ ಗೀಟು ಅಂದ್ರ 4 ಇರಬೇಕು. 14/08 ಅಂತ ಬರೀರಿ.

ಶಹಾಪುರದ ತಮ್ಮ

14. ನನಗೂ ಹಂಗೇ ಅನಸ್ತದ.

ಸುರಪುರದ ಮಾಸ್ತರ್

ಬರೀಬೇಡಿ ತಾಯಿ. ಇಲ್ಲಿ ತನಕ ಓದುತ್ತಾ ಬಂದೆ, ಇಲ್ಲಿ ಮಾತ್ರ ಒಪ್ಪಲು ಆಗುತ್ತಿಲ್ಲ.

73.50ಕ್ಕೆ ಎರಡು ಕಡೆಯಿಂದ ಸಾಕ್ಷಿ ಸಿಕ್ಕಿದೆ, ಬೇರೆ ಅಂಕಿಗೆ ಜಾಗವೇ ಉಳಿದಿಲ್ಲ. ತಾರೀಖಿಗೆ ಹಾಗಿಲ್ಲ. ಅಂಗಡಿಯಲ್ಲಿ ಒಂದು ದಿನ 80 ಬಿಲ್ಲು ಆಗಬಹುದು, ಇನ್ನೊಂದು ದಿನ 30. 15ನೇ ತಾರೀಖು ಸ್ವಾತಂತ್ರ್ಯ ದಿನ, ಅರ್ಧ ದಿನ ಬಾಗಿಲು ಹಾಕಿರಬಹುದು. ಆಗ ನಿಮ್ಮ 58 ಎಲ್ಲಿ ನಿಂತಿತು? ಗೀಟು 4ರದೇ ಎನ್ನುವುದಕ್ಕೆ ಏನು ಆಧಾರ? 3ಕ್ಕೂ ಬಲಗಡೆಯೇ ಬೆನ್ನು.

ನನಗೆ ಶಾಸನ ಓದುವ ಹವ್ಯಾಸ. ಕಲ್ಲಿನ ಮೇಲೆ ಅಕ್ಷರ ಸವೆದಿದ್ದರೆ, ಸಂದರ್ಭ ನೋಡಿ ತುಂಬಿದ ಅಕ್ಷರವನ್ನು ಚೌಕ ಕಂಸದೊಳಗೆ ಹಾಕುತ್ತೇವೆ. ಕಂಡದ್ದು ಹೊರಗೆ, ತುಂಬಿದ್ದು ಒಳಗೆ. ಓದುವವನಿಗೆ ಎಲ್ಲಿ ಕಲ್ಲು ಮಾತಾಡಿದೆ, ಎಲ್ಲಿ ನಾವು ಮಾತಾಡಿದ್ದೇವೆ ಎಂದು ಗೊತ್ತಾಗಬೇಕು. ನಿಮ್ಮ ಪುಸ್ತಕದಲ್ಲೂ ಹಾಗೇ ಮಾಡಿ:

```
ಟೆಲ್ಮಿಸಾರ್ಟನ್   2   7[3].50   1[4]7.00
ಒಟ್ಟು                         4[8]9.00
ತಾರೀಖು   1?/08/24   (13 ಅಥವಾ 14)
```

ತಮ್ಮ ಕೇಳಿದರೆ ಪ್ರತಿ ಕಂಸಕ್ಕೂ ಕಾರಣ ಹೇಳಬಹುದು. ತಾರೀಖಿಗೆ ಪ್ರಶ್ನೆ ಚಿಹ್ನೆಯೇ ಇರಲಿ.

ಹುಮನಾಬಾದ ಲೆಕ್ಕ

ಸರ್, ಲೆಕ್ಕದ ಪುಸ್ತಕದಾಗ ಪ್ರಶ್ನೆ ಚಿಹ್ನೆ ಹಾಕಿದ್ರ ಯಾರು ತಗೋತಾರ? ತಾರೀಖಿನ ಕಾಲಮ್ಮಿಗಿ ಒಂದು ತಾರೀಖು ಬೇಕು. ಒಂದು ದಿನ ಆಚೀಚಿ ಆದ್ರ ಮನಿ ಲೆಕ್ಕಕ್ಕ ಏನೂ ಆಗಂಗಿಲ್ಲ.

ಸುರಪುರದ ಮಾಸ್ತರ್

ಮನೆಯ ಲೆಕ್ಕ ಎಂದೇ ಹೇಳುತ್ತಿದ್ದೇನೆ. ಒಡಹುಟ್ಟಿದವರ ನಡುವೆ ಒಂದು ತಾರೀಖು ಸುಳ್ಳಾಗಿ ಸಿಕ್ಕರೆ ಉಳಿದ 36 ಬಿಲ್ಲಿನ ಮೇಲೂ ಅನುಮಾನ ಬರುತ್ತದೆ.

ಚಿತ್ತಾಪುರದ ತೊಗರಿ ಹೊಲ

ಈಗ ನಂದು ಹೇಳ್ತೀನಿ. ತೊಗರಿ ತುಂಬಿದ ಟ್ರ್ಯಾಕ್ಟರ್ ಕಾಂಟಾ ಚೀಟಿ. ತುಂಬಿದ ಗಾಡಿ 8460 ಕೆಜಿ ಕಾಣ್ತದ. ಖಾಲಿ ಗಾಡಿ ತೂಕ ಪೂರಾ ಮಾಯ. ನಿವ್ವಳ ?320. 5320 ಅಂತ ನಾನು ಅಂತೀನಿ, ಪಾಲಿನವ 4320 ಅಂತಾನ. ಹತ್ತು ಕ್ವಿಂಟಲ್ ಜಗಳ!

ಬಿಲ್ಲಿಂಗ್ ಮಷಿನ್ ರಿಪೇರಿ, ಬೀದರ

ಕಾಕಾ, ಅದೇ ಟ್ರ್ಯಾಕ್ಟರ್, ಅದೇ ಟ್ರಾಲಿ ಬ್ಯಾರೆ ದಿನ ತೂಗಿಸಿದ ಚೀಟಿ ಅದೇನು? ಖಾಲಿ ಗಾಡಿ ತೂಕ ಭಾಳ ಬದಲಾಗಂಗಿಲ್ಲ, ಡೀಸೆಲ್ಲು, ಕುಂತ ಮಂದಿ ಲೆಕ್ಕಕ್ಕ ನೂರು ಕೆಜಿ ಹೆಚ್ಚು ಕಮ್ಮಿ ಆಗಬಹುದು ಅಷ್ಟೇ.

ಚಿತ್ತಾಪುರದ ತೊಗರಿ ಹೊಲ

ಅದ. ಅದರಾಗ ಖಾಲಿ ಗಾಡಿ 3120.

ಬಿಲ್ಲಿಂಗ್ ಮಷಿನ್ ರಿಪೇರಿ, ಬೀದರ

8460ರಾಗ 5320 ಕಳದ್ರ ಖಾಲಿ ಗಾಡಿ 3140. ಪಾಲಿನವ ಹೇಳಿದಂಗ 4320 ಆದ್ರ ಖಾಲಿ ಗಾಡಿ 4140 ಆಗ್ಬೇಕು, ಒಂದು ಟನ್ ಎಲ್ಲಿಂದ ಬಂತು? 5 ಅಂತ ಬರ್ಕೊರಿ, ಕಂಸದಾಗ ಬರ್ಕೊರಿ. ಹಳೇ ಚೀಟಿ ಎರಡೂ ಒಂದೇ ಪಿನ್ನಿಗಿ ಹಾಕಿ ಇಡ್ರಿ. ಪ್ಲಾಸ್ಟಿಕ್ ಕವರಿನಾಗ ಅಲ್ಲ, ಕಾಗದದ ಲಕೋಟೆಯಾಗ.

ಕಮಲಾಪುರದ ತಂಗಿ

ನೋಟು ಖರೆನೋ ಖೋಟಾನೋ ನೋಡೋ ನೀಲಿ ದೀಪ ಹಿಡದ್ರ ಕೆಲವು ಬಿಲ್ಲು ಚಂದ ಓದಾಕ ಬರ್ತಾವ, ನೋಡೀರೇನು? ಕತ್ತಲ ಖೋಲಿಯಾಗ ಕಾಗದ ಹೊಳೀತದ, ಅಕ್ಷರ ಕರ್ರಗ ಉಳೀತಾವ. ನಮ್ಮ ಬಟ್ಟೆ ಅಂಗಡಿ ಬಿಲ್ಲು ಹಂಗ ಓದೀನಿ. ಕೆಲವು ಕಾಗದ ಏನೂ ಹೊಳೀಲಿಲ್ಲ ಮಾತ್ರ.

ಬಿಲ್ಲಿಂಗ್ ಮಷಿನ್ ರಿಪೇರಿ, ಬೀದರ

ಹೌದು ತಂಗಿ, ಹೊಳಪು ಬೆರಸಿದ ಕಾಗದ ಇದ್ರ ಅಷ್ಟೇ ಬರ್ತದ. ಫೋಟೋ ತಗೊಂಡು ಕೂಡ್ಲೇ ದೀಪ ಆರಸ್ರಿ, ಆ ಬೆಳಕಿನಾಗ ಭಾಳ ಹೊತ್ತು ಇಟ್ರ ಉಳಿದ ಬಣ್ಣಾನೂ ಹೋಗ್ತದ.

ಗಂಜಿನ ಅಕ್ಕ, ಕಲಬುರಗಿ

ಎಲ್ಲಾರಿಗೂ ಸುದ್ದಿ ಹೇಳಾಕ ಬಂದೀನಿ. ಇವತ್ತ ಮುಂಜಾನಿ ಆ ಅಂಗಡಿಗಿ ಹೋಗಿದ್ದೆ. 7901, 2024 ಆಗಸ್ಟ್ ಅಂದಕೂಡ್ಲೇ ಹುಡುಗ ಕಂಪ್ಯೂಟರಿನಾಗ ತೆಗೆದು ನಕಲು ಕೊಟ್ಟ. ದರ 73.50. ಮೊತ್ತ 147.00. ಒಟ್ಟು 489.00. ತೆರಿಗಿ ಎರಡೂ ಸಾಲು 26.18. ನಿಂತಲ್ಲೇ ಕಣ್ಣಾಗ ನೀರು ಬಂತು ನನಗ.

ತಾರೀಖು 13/08/24. ಮಾಸ್ತರ್ ಮಾತು ಕೇಳಿ ಪ್ರಶ್ನೆ ಚಿಹ್ನೆ ಹಾಕಿದ್ದೆ.

ಇನ್ನೊಂದು ತಪ್ಪು ಸಿಕ್ತು, ಅದನ್ನ ಯಾರೂ ಕೇಳಿರಲಿಲ್ಲ. ಮೆಟ್ಫಾರ್ಮಿನ್ ಬ್ಯಾಚ್ ನಂಬರಿನಾಗ ನಾನು ಇಂಗ್ಲಿಷಿನ ಬಿ ಅಂತ ಬರೆದಿದ್ದೆ, ಅದು 8. ಬ್ಯಾಚ್ ನಂಬರಿಗಿ ಗುಣಿಸಿ ನೋಡೋ ಲೆಕ್ಕ ಇಲ್ಲ, ಅದಕ್ಕ ಸಿಕ್ಕಿರಲಿಲ್ಲ.

ಹುಮನಾಬಾದ ಲೆಕ್ಕ

ತಾರೀಖಿಗಿ ನಾನು ಅವಸರ ಮಾಡಿದೆ. ಮಾಸ್ತರ್ ಸರ್, ನಿಮ್ಮದೇ ಖರೆ ಆಯ್ತು.

ಯಾದಗಿರಿ ಮೆಡಿಕಲ್

ಬ್ಯಾಚ್ ನಂಬರಿನಾಗ ಬಿ-8, ಓ-ಸೊನ್ನಿ ನಮಗೂ ದಿನಾ ಗೊಂದಲ. ಖರ್ಚಿನ ಲೆಕ್ಕಕ್ಕ ಅದು ಬೇಕಿಲ್ಲ, ಓದಾಕ ಬರದಿದ್ರ ಖಾಲಿ ಬಿಡ್ರಿ.

ಗಂಜಿನ ಅಕ್ಕ, ಕಲಬುರಗಿ

ಮುಚ್ಚಿದ ಅಂಗಡಿಯ 11 ಬಿಲ್ಲಿನಾಗ 6 ಮುಗಿಸೀನಿ, ಕಂಸ ಹಾಕೇ ಬರದೀನಿ. ಒಂದರಾಗ ತೆರಿಗಿ ಸಾಲೂ ಇಲ್ಲ, ಒಟ್ಟೂ ಇಲ್ಲ, ಬರೀ ಔಷಧಿ ಹೆಸರು ಉಳಿದಾವ. ಪುಸ್ತಕದ ಫೋಟೋ ತಮ್ಮಗ ಕಳಿಸಿದ್ದೆ, ರಾತ್ರಿ ಫೋನ್ ಮಾಡಿದ್ದ. ಆ ಒಂದು ಬಿಲ್ಲು ಯಾರ ಪಾಲಿಗೂ ಹಚ್ಚಬ್ಯಾಡ, ಹೆಸರು ಅಷ್ಟೇ ಬರೆದಿಡು ಅಂದ. ಅಣ್ಣ ಒಪ್ಪವಲ್ಲ, ಅದೇ ತಿಂಗಳ ಇನ್ನೊಂದು ಬಿಲ್ಲಿನ ದರ ಹಾಕೋಣ ಅಂತಾನ. ಪಟ್ಟಿ ಎಷ್ಟು ತಂದಿದ್ದು ಅನ್ನೋದೇ ಗೊತ್ತಿಲ್ಲದಾಗ ದರ ತಗೊಂಡು ಏನು ಮಾಡೋದು? ನಾಳೆ ಅಪ್ಪಾಜಿನ್ನೇ ಕೇಳ್ತೀನಿ.

ಚಿತ್ತಾಪುರದ ತೊಗರಿ ಹೊಲ

ಪಾಲಿನವಗ ಎರಡೂ ಚೀಟಿ ತೋರ್ಸಿದೆ. ಟ್ರಾಲಿ ಆವತ್ತು ಬ್ಯಾರೇದಿತ್ತು ಅಂತಾನ. ಖರೆ ಇದ್ರೂ ಇರಬಹುದು. ಕಾಂಟಾದವ್ರ ಕಂಪ್ಯೂಟರಿನಾಗ ಇರ್ತದೇನು, ಯಾರಿಗರೆ ಗೊತ್ತದ?